ಪರೇಲಿನ ಸೀಸೆ: ಉಗಿ, ಒಣಶಾಖ ಮತ್ತು ಸೋಸುವಿಕೆಯ ಕಥೆ

ಮುಂಬಯಿಯ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡ ಒಂದು ಕಾಲಕ್ಕೆ ಗವರ್ನರರ ನಿವಾಸವಾಗಿತ್ತು. 1899ರಲ್ಲಿ ಅದು ಪ್ಲೇಗಿನ ಪ್ರಯೋಗಶಾಲೆಯಾಯಿತು. ಅದಕ್ಕೂ ಮೊದಲು, 1896ರ ಅಕ್ಟೋಬರಿನಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಗೆ ಬಂದಾಗ ಅವರಿಗೆ ದೊರೆತದ್ದು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ ಮತ್ತು ಅದರ ಪಡಸಾಲೆ. ಅಲ್ಲಿ ಅವರು ಗಾಜಿನ ಫ್ಲಾಸ್ಕುಗಳಲ್ಲಿ ಮಾಂಸದ ಸಾರು ತುಂಬಿ, ಅದರ ಮೇಲೆ ಕೆಲವು ಹನಿ ತುಪ್ಪ ತೇಲಿಬಿಟ್ಟು, ಪ್ಲೇಗಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರು. ತುಪ್ಪದ ಹನಿಗಳ ಅಡಿಯಿಂದ ಬ್ಯಾಕ್ಟೀರಿಯಾಗಳು ಗುಹೆಯ ಮಾಡಿನಿಂದ ಇಳಿಬೀಳುವ ಸುಣ್ಣದ ಕೋಲುಗಳಂತೆ ಕೆಳಗಿಳಿಯುತ್ತಿದ್ದವು. ಬೆಳೆದದ್ದು ಪ್ಲೇಗಿನ ಜೀವಿಯೇ ಎಂದು ಗುರುತಿಸಲು ಆ ನೋಟವೇ ಒಂದು ಸಾಕ್ಷಿ.

ಆ ಫ್ಲಾಸ್ಕನ್ನು ಒಮ್ಮೆ ಮನಸ್ಸಿನಲ್ಲಿ ಬಿಡಿಸಿ ನೋಡೋಣ. ಗಾಜು, ನೀರಿನಿಂದಾದ ಸಾರು, ಕೊಬ್ಬಿನ ತುಪ್ಪ, ಕೊನೆಗೆ ಅವುಗಳಿಂದ ಸಿದ್ಧವಾಗುವ ಲಸಿಕೆ. ಇವುಗಳಲ್ಲಿ ಒಂದೊಂದನ್ನೂ ಬೇಡದ ಜೀವಿಗಳಿಂದ ಮುಕ್ತಗೊಳಿಸಬೇಕು. ಆದರೆ ಒಂದಕ್ಕೆ ಒಗ್ಗುವ ಉಪಾಯ ಇನ್ನೊಂದಕ್ಕೆ ಒಗ್ಗದು. ಹಾಗೇಕೆ ಎಂದು ತಿಳಿಯಲು ಪ್ಯಾರಿಸಿನಲ್ಲಿ ಎರಡು ದಶಕಗಳ ಹಿಂದೆ ನಡೆದ ಒಂದು ಜಗಳದ ಬಳಿಗೆ ಹೋಗಬೇಕು.

1876ರಲ್ಲಿ ಇಂಗ್ಲೆಂಡಿನ ವೈದ್ಯ ಹೆನ್ರಿ ಚಾರ್ಲ್‌ಟನ್ ಬಾಸ್ಟಿಯನ್, ಜೀವವು ನಿರ್ಜೀವದಿಂದ ತಾನಾಗಿ ಹುಟ್ಟಬಲ್ಲದೆಂದು ವಾದಿಸುತ್ತಿದ್ದರು. ಮೂತ್ರವನ್ನು ಕುದಿಸಿಟ್ಟರೆ ಅದು ಕೆಡುವುದಿಲ್ಲ. ಆದರೆ ಕುದಿಸಿದ ಮೂತ್ರಕ್ಕೆ ಪೊಟ್ಯಾಷ್ ಕ್ಷಾರ ಬೆರೆಸಿ ಆಮ್ಲತೆಯನ್ನು ತೆಗೆದು ಬೆಚ್ಚಗಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾಗಳು ತುಂಬಿಕೊಳ್ಳುತ್ತವೆ ಎಂದು ಅವರು ತೋರಿಸಿದರು. ಲೂಯಿ ಪಾಶ್ಚರ್ ಇದನ್ನು ಅಲ್ಲಗಳೆದರು. ಆದರೆ ಅಲ್ಲಗಳೆಯುವುದು ಸುಲಭವಾಗಲಿಲ್ಲ, ಏಕೆಂದರೆ ಬಾಸ್ಟಿಯನ್ ಕಂಡದ್ದು ಸುಳ್ಳಾಗಿರಲಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿಚಿಪ್ಪಿನ ಬೀಜಾಣುಗಳಾಗಿ ಮುದುಡಿಕೊಳ್ಳುತ್ತವೆ. 100 ಡಿಗ್ರಿಯ ಕುದಿತ ಅವುಗಳನ್ನು ಕೊಲ್ಲಲೇಬೇಕೆಂದಿಲ್ಲ. ಆಮ್ಲದಲ್ಲಿ ಅವು ಮೊಳೆಯದೆ ಸುಮ್ಮನಿರುತ್ತವೆ; ಕ್ಷಾರ ಬಿದ್ದೊಡನೆ ಮೊಳೆಯುತ್ತವೆ. ಇದರ ಮೇಲೆ ಕ್ಷಾರದ ದ್ರಾವಣದಲ್ಲಿ, ಅದನ್ನು ಕರಗಿಸಿದ ನೀರಿನಲ್ಲಿ, ಪಾತ್ರೆಯ ಗೋಡೆಗೆ ಅಂಟಿದ ಧೂಳಿನಲ್ಲಿ ಕೂಡ ಬೀಜಾಣುಗಳಿದ್ದವು.

ಪಾಶ್ಚರರ ಪ್ರಯೋಗಶಾಲೆ ಈ ಜಗಳದಿಂದ ಕಲಿತ ಪಾಠವೆಂದರೆ, ದ್ರವಕ್ಕೂ ಪಾತ್ರೆಗೂ ಬೇರೆ ಬೇರೆ ಲೆಕ್ಕವಿಡಬೇಕು ಎಂಬುದು. ದ್ರವವನ್ನು ಒತ್ತಡದಲ್ಲಿ 120 ಡಿಗ್ರಿಯವರೆಗೆ ಕಾಯಿಸಬೇಕು. ಒಣ ಗಾಜನ್ನು ಒಲೆಯಲ್ಲಿಟ್ಟು ಅದಕ್ಕಿಂತ ಬಹಳ ಹೆಚ್ಚಿನ ಶಾಖಕ್ಕೆ ಒಡ್ಡಬೇಕು. ಈ ಕೆಲಸದಲ್ಲಿದ್ದ ತರುಣ ಸಹಾಯಕ ಷಾರ್ಲ್ ಷಾಂಬರ್ಲಾಂ. ಅಡುಗೆಯ ಪ್ರೆಷರ್ ಕುಕರಿನ ಪೂರ್ವಜನಾದ ಪಾಪಿನ್‌ನ ಪಾತ್ರೆಯ ತತ್ತ್ವವನ್ನೇ ಹಿಡಿದು ಅವರು ರೂಪಿಸಿದ ಉಪಕರಣವೇ ಇಂದಿನ ಆಟೋಕ್ಲೇವ್. ಕೆಲವೇ ವರ್ಷಗಳಲ್ಲಿ, 1884ರಲ್ಲಿ, ಮೆರುಗು ಹಾಕದ ಪಿಂಗಾಣಿಯ ಮೇಣದಬತ್ತಿಯಾಕಾರದ ಸೋಸುವ ಕೊಳವೆಯನ್ನೂ ಅವರೇ ಮಾಡಿದರು.

ದ್ರವಕ್ಕೆ 120 ಡಿಗ್ರಿ ಸಾಕು, ಗಾಜಿಗೆ ಅದಕ್ಕಿಂತ ಹೆಚ್ಚು ಬೇಕು ಎಂಬುದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಇದನ್ನು 1881ರಲ್ಲಿ ಬರ್ಲಿನ್ನಿನಲ್ಲಿ ರಾಬರ್ಟ್ ಕೋಖ್ ಮತ್ತು ಅವರ ಸಂಗಡಿಗರು ಅಳೆದು ನೋಡಿದರು. ಬಿಸಿಗಾಳಿಯಲ್ಲಿ ಬೀಜಾಣುಗಳನ್ನು ಕೊಲ್ಲಲು 140 ಡಿಗ್ರಿಯಲ್ಲಿ ಮೂರು ಗಂಟೆ ಬೇಕಾಯಿತು. ಬಟ್ಟೆಯ ಗಂಟುಗಳ ಒಳಗಂತೂ ಅಷ್ಟು ಹೊತ್ತಿನ ಮೇಲೂ ಶಾಖ ಸರಿಯಾಗಿ ಇಳಿದಿರಲಿಲ್ಲ. 100 ಡಿಗ್ರಿಯ ಹರಿಯುವ ಉಗಿಯಾದರೋ ಆಂಥ್ರಾಕ್ಸಿನ ಬೀಜಾಣುಗಳನ್ನು ಕೆಲವೇ ನಿಮಿಷಗಳಲ್ಲಿ ಕೊಂದಿತು. ಕಾರಣ ಎರಡು. ಉಗಿ ತಣ್ಣನೆಯ ವಸ್ತುವಿನ ಮೇಲೆ ಕೂತು ನೀರಾಗುವಾಗ ತನ್ನಲ್ಲಿ ಅಡಗಿದ ಶಾಖವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ಬಿಸಿ ಒಲೆಯೊಳಗೆ ಕ್ಷಣಕಾಲ ಕೈಯಿಟ್ಟರೂ ಸುಡದವರು ಇಡ್ಲಿಪಾತ್ರೆಯ ಮುಚ್ಚಳ ತೆಗೆದಾಗ ಎದ್ದ ಉಗಿಗೆ ಕೈ ಹಿಂದೆಳೆದುಕೊಳ್ಳುವುದು ಇದರಿಂದಲೇ. ಎರಡನೆಯದಾಗಿ, ಜೀವಕೋಶದ ಪ್ರೋಟೀನುಗಳು ತೇವವಿದ್ದಾಗ ಕಡಿಮೆ ಶಾಖದಲ್ಲೇ ಹೆಪ್ಪುಗಟ್ಟುತ್ತವೆ. ಒಣಶಾಖ ಅವುಗಳನ್ನು ನಿಧಾನವಾಗಿ ಸೀದುಹಾಕಬೇಕಾಗುತ್ತದೆ.

ಇಂದಿನ ರೂಢಿಯ ಲೆಕ್ಕವೂ ಈ ಅಂತರವನ್ನೇ ಹೇಳುತ್ತದೆ. ಆಟೋಕ್ಲೇವಿನಲ್ಲಿ ವಸ್ತು 121 ಡಿಗ್ರಿಯನ್ನು ಮುಟ್ಟಿದ ಮೇಲೆ 15 ನಿಮಿಷ. ಒಣಶಾಖದ ಒಲೆಯಲ್ಲಿ 160 ಡಿಗ್ರಿಯಲ್ಲಿ ಎರಡು ಗಂಟೆ. ಹಾಗಿದ್ದರೆ ಎಲ್ಲಕ್ಕೂ ಉಗಿಯನ್ನೇ ಬಳಸಬಾರದೇಕೆ? ಉಗಿ ಮುಟ್ಟದ ಕಡೆ ಉಗಿಯಿಂದ ಪ್ರಯೋಜನವಿಲ್ಲ, ಅದಕ್ಕೆ. ಎಣ್ಣೆ, ತುಪ್ಪಗಳೊಳಗೆ ನೀರಾವಿ ಹೊಗದು. ಅವುಗಳೊಳಗಿನ ಬೀಜಾಣು ಆಟೋಕ್ಲೇವಿನಲ್ಲಿದ್ದರೂ 121 ಡಿಗ್ರಿಯ ಒಣಶಾಖವನ್ನಷ್ಟೇ ಕಾಣುತ್ತದೆ, ಅದನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಹಾಫ್‌ಕಿನ್ನರ ಫ್ಲಾಸ್ಕಿನಂಥದನ್ನು ಇಂದು ಸಿದ್ಧಪಡಿಸುವವರು ಸಾರನ್ನು ಆಟೋಕ್ಲೇವಿಗೆ, ತುಪ್ಪವನ್ನು ಪ್ರತ್ಯೇಕವಾಗಿ ತೆಳುವಾದ ಪದರವಾಗಿ ಒಣಶಾಖದ ಒಲೆಗೆ ಕಳಿಸುತ್ತಾರೆ. ಒಣಗಿಯೇ ಇರಬೇಕಾದ ಪುಡಿಗೂ ಗಾಜಿನ ಪಿಪೆಟ್ಟಿಗೂ ಒಲೆಯೇ ಸರಿ. ಸಾರನ್ನು ಒಲೆಗಿಟ್ಟರೆ ಅದು ಕುದಿದು ಆರಿಹೋಗುತ್ತದೆ. ರಬ್ಬರಿನ ಬಿರಡೆ ಹಾಳಾಗುತ್ತದೆ.

ಉಗಿಯಲ್ಲಿ ತಪ್ಪು ನಡೆಯುವ ಬಗೆಯೂ ಇದೇ ತತ್ತ್ವದಿಂದ ತಿಳಿಯುತ್ತದೆ. ಆಟೋಕ್ಲೇವಿನೊಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು 15 ಪೌಂಡನ್ನೇ ತೋರಿಸುತ್ತಿರುತ್ತದೆ, ಒಳಗಿನ ಶಾಖ ಮಾತ್ರ 121ಕ್ಕೆ ಏರಿರುವುದಿಲ್ಲ. ಗಾಳಿ ಉಗಿಗಿಂತ ಭಾರವಾದ್ದರಿಂದ ನೆಟ್ಟಗೆ ನಿಲ್ಲಿಸಿದ ಬರಿದಾದ ಪಾತ್ರೆಯ ತಳದಲ್ಲಿ ಅದು ಕೊಳದಂತೆ ನಿಂತುಬಿಡುತ್ತದೆ. ಹಾಗಾಗಿಯೇ ಬರಿಯ ಪಾತ್ರೆಗಳನ್ನು ಅಡ್ಡಲಾಗಿ ಮಲಗಿಸುವುದು ವಾಡಿಕೆ. ಮುಳ್ಳನ್ನು ನಂಬದವರು ಶಾಖಕ್ಕೆ ಅತಿ ಹೆಚ್ಚು ನಿಲ್ಲುವ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕಾಗದದ ಪಟ್ಟಿಯಲ್ಲಿಟ್ಟು ಸಾಮಗ್ರಿಯ ನಡುವೆ ಇರಿಸುತ್ತಾರೆ. ಆಮೇಲೆ ಅದನ್ನು ಬೆಳೆಯಲು ಬಿಟ್ಟಾಗ ಏನೂ ಬೆಳೆಯದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಶಾಖವನ್ನೇ ತಾಳದ ದ್ರವಗಳಿಗೆ ಉಳಿದದ್ದು ಸೋಸುವಿಕೆ. 1888ರಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಗಂಟಲಮಾರಿಯ ಬ್ಯಾಕ್ಟೀರಿಯಾ ಬೆಳೆದ ಸಾರನ್ನು ಪಿಂಗಾಣಿಯ ಮೂಲಕ ಸೋಸಿದರು. ಬ್ಯಾಕ್ಟೀರಿಯಾ ಹಿಂದೆ ಉಳಿಯಿತು, ಸೋಸಿದ ದ್ರವ ಪ್ರಾಣಿಗಳನ್ನು ಕೊಂದಿತು. ರೋಗದ ವಿಷ ಜೀವಿಯಿಂದ ಬೇರೆಯಾದ ವಸ್ತುವೆಂದು ಆಗ ಖಚಿತವಾಯಿತು. ಅದನ್ನು ಕುದಿಸಿದ್ದರೆ ವಿಷವೇ ಅಳಿದು ಈ ಸಂಗತಿ ಮರೆಯಾಗುತ್ತಿತ್ತು. ಆದರೆ ಸೋಸುವಿಕೆ ಯಾವುದನ್ನೂ ಕೊಲ್ಲುವುದಿಲ್ಲ, ಗಾತ್ರ ನೋಡಿ ತಡೆಯುತ್ತದೆ ಅಷ್ಟೆ. 1892ರಲ್ಲಿ ರಷ್ಯದ ಡಿಮಿಟ್ರಿ ಇವನೋವ್‌ಸ್ಕಿ ರೋಗ ತಗಲಿದ ಹೊಗೆಸೊಪ್ಪಿನ ರಸವನ್ನು ಇದೇ ಬಗೆಯ ಪಿಂಗಾಣಿಯಲ್ಲಿ ಸೋಸಿದಾಗ, ಸೋಸಿದ ರಸವೂ ರೋಗವನ್ನು ಹರಡಿತು. ವೈರಸ್ಸುಗಳ ಅರಿವು ಆರಂಭವಾದದ್ದು ಅಲ್ಲಿಂದ. ಇಂದು ಬಳಸುವ 0.22 ಮೈಕ್ರೊಮೀಟರ್ ರಂಧ್ರದ ಪೊರೆಯ ಮಿತಿಯೂ ಅದೇ. ಸೀರಮ್ಮಿನಂಥ ದ್ರವವನ್ನು ಅದು ಬ್ಯಾಕ್ಟೀರಿಯಾಗಳಿಂದ ಮುಕ್ತಗೊಳಿಸೀತು, ವೈರಸ್ಸುಗಳಿಂದ ಅಲ್ಲ.

ಈಗ ಪರೇಲಿನ ಸೀಸೆಗೆ ಮರಳೋಣ. ಸಾರಿಗೆ ಉಗಿ, ತುಪ್ಪಕ್ಕೂ ಗಾಜಿಗೂ ಒಣಶಾಖ. ಆದರೆ ಸಿದ್ಧವಾದ ಲಸಿಕೆಗೆ? ಅದು ಸತ್ತ ಪ್ಲೇಗು ಬ್ಯಾಕ್ಟೀರಿಯಾಗಳಿರುವ ದ್ರವ. ಅವುಗಳನ್ನು ಕೊಲ್ಲಲು ಹಾಫ್‌ಕಿನ್ ಒಂದು ಗಂಟೆಯ ಕಾಲ ಸುಮಾರು 65ರಿಂದ 70 ಡಿಗ್ರಿಯ ಮೃದುವಾದ ಶಾಖವನ್ನಷ್ಟೇ ಕೊಡುತ್ತಿದ್ದರು. ಆಟೋಕ್ಲೇವಿನ ಶಾಖಕ್ಕೆ ಲಸಿಕೆಯ ಗುಣವೇ ಕೆಡುವ ಭಯ. ಸೋಸಿದರೆ ಲಸಿಕೆಯೇ ಪೊರೆಯ ಮೇಲೆ ಉಳಿದುಬಿಡುತ್ತದೆ. ಮೂರು ಉಪಾಯಗಳಲ್ಲಿ ಒಂದೂ ಕೊನೆಯ ಹಂತಕ್ಕೆ ಒದಗುವುದಿಲ್ಲ. ಪ್ಲೇಗಿನ ಬ್ಯಾಕ್ಟೀರಿಯಾ ಬೀಜಾಣುವಾಗುವುದಿಲ್ಲವಾದ್ದರಿಂದ ಆ ಮೃದುಶಾಖಕ್ಕೆ ಸಾಯುತ್ತದೆ. ಆದರೆ ಮಣ್ಣಿನಲ್ಲಿರುವ ಧನುರ್ವಾಯುವಿನ ಬೀಜಾಣುವೊಂದು ಒಳಗೆ ಸೇರಿದರೆ ಅದನ್ನು ಕೊಲ್ಲುವ ಹಂತ ಮುಂದೆಲ್ಲೂ ಇಲ್ಲ. ಗಾಜು, ಸಾರು, ತುಪ್ಪ, ಬಿರಡೆ, ಚಿಮಟ ಪ್ರತಿಯೊಂದೂ ಮೊದಲೇ ಶುದ್ಧವಾಗಿರಬೇಕು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಐದು ಸೀಸೆಗಳಿಂದ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲವು ದಿನಗಳಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಲಸಿಕೆ ಬಂದದ್ದು ಒಂದೇ ಸೀಸೆಯಿಂದ. ಅದರ ಗುರುತು 53ಎನ್. ಸೀಸೆಗಳಿಗೆ ಕಾರ್ಬಾಲಿಕ್ ಆಮ್ಲ ಸೇರಿಸುವ ಹಳೆಯ ಪದ್ಧತಿಯನ್ನು ಬಿಟ್ಟು ಹಾಫ್‌ಕಿನ್ ಶಾಖವನ್ನೇ ನೆಚ್ಚಿದ್ದರು. ವಿಚಾರಣಾ ಆಯೋಗ ಬೆರಳು ತೋರಿದ್ದು ಅತ್ತ. ಸೀಸೆ ಕೆಟ್ಟದ್ದು ಪ್ರಯೋಗಶಾಲೆಯಲ್ಲೇ ಎಂದಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು.

ದಾಖಲೆಯಲ್ಲೇ ಇದ್ದ ಇನ್ನೊಂದು ಸಂಗತಿಗೆ ತಕ್ಕ ಬೆಲೆ ಬಂದದ್ದು ಆಮೇಲೆ. ಹಳ್ಳಿಯಲ್ಲಿ ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಜ್ವಾಲೆಯಲ್ಲಿ ಹಿಡಿಯದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ತೆಗೆದು, ಬಿರಡೆ ಕೀಳಲು ಬಳಸಿದ್ದ. ಕಾರ್ಬಾಲಿಕ್ ಆಮ್ಲವನ್ನು ಧನುರ್ವಾಯುವಿನ ಬೀಜಾಣು ಗಂಟೆಗಟ್ಟಲೆ ತಾಳಬಲ್ಲದು. ಕ್ಷಣದ ಅದ್ದುವಿಕೆಯಿಂದ ಏನೂ ಆಗದು. ಇದಕ್ಕಿಂತ ಬಲವಾದ ಸಾಕ್ಷಿ ವಾಸನೆಯದು. ಧನುರ್ವಾಯುವಿನ ಬ್ಯಾಕ್ಟೀರಿಯಾ ಸೀಸೆಯೊಳಗೆ ದಿನಗಟ್ಟಲೆ ಬೆಳೆದಿದ್ದರೆ ದ್ರವ ದುರ್ನಾತ ಬೀರಬೇಕು. ತೆರೆದಾಗ ಅಂಥ ವಾಸನೆ ಬಂದಿರಲಿಲ್ಲ. ಎಂದರೆ ಬೀಜಾಣು ಸೇರಿದ್ದು ತೆರೆದ ಹೊತ್ತಿನಲ್ಲಿ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಈ ವಾದವನ್ನು ಮುಂದಿಟ್ಟರು. ಹಾಫ್‌ಕಿನ್ ದೋಷಮುಕ್ತರಾಗಿ ಕಲಕತ್ತೆಯ ಕೆಲಸಕ್ಕೆ ಮರಳಿದರು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಟ್ಟರು.

ಮುಲ್ಕೋವಾಲಿನ ಹತ್ತೊಂಬತ್ತು ಹೆಸರುಗಳು ಯಾವ ಕಟ್ಟಡದ ಮೇಲೂ ಇಲ್ಲ. ಚಿಮಟ ಲೋಹದ್ದು, ಒಣಗಿದ್ದು, ಎಷ್ಟು ಶಾಖವನ್ನಾದರೂ ತಾಳುವಂಥದ್ದು. ಅಂಥ ವಸ್ತುವಿಗೆ ಒಣಶಾಖವೆಂಬುದು ಬಾಸ್ಟಿಯನ್ನರ ಜಗಳದ ಕಾಲದಿಂದಲೇ ಪ್ರಯೋಗಶಾಲೆಗಳಿಗೆ ಗೊತ್ತಿತ್ತು. ಅಂದು ಅದನ್ನು ಕೆಲವು ಕ್ಷಣ ಜ್ವಾಲೆಯಲ್ಲಿ ಹಿಡಿದಿದ್ದರೆ ಸಾಕಾಗುತ್ತಿತ್ತು.