ಕಾಲಲ್ಲಿ ಬಿಳಿ ಪಟ್ಟೆ ಇದ್ದರೆ ಡೆಂಗಿ ಸೊಳ್ಳೆಯೇ? ಕೇಳಬೇಕಾದ ಪ್ರಶ್ನೆಗಳು ಬೇರೆ

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಸೊಳ್ಳೆಯ ಚಿತ್ರ ಓಡಾಡಲು ಶುರುವಾಗುತ್ತದೆ. 'ಕಾಲಲ್ಲಿ ಬಿಳಿ ಪಟ್ಟೆ ಇದ್ದರೆ ಡೆಂಗಿ ಸೊಳ್ಳೆ, ಇಲ್ಲದಿದ್ದರೆ ಭಯ ಬೇಡ' ಎಂಬುದು ಅದರ ಸಾರ. ಇದು ಅರ್ಧ ಸತ್ಯ. ಡೆಂಗಿ ಹರಡುವ ಈಡಿಸ್‌ನ ಕಾಲಲ್ಲಿ ಪಟ್ಟೆ ಇರುವುದು ನಿಜ. ಆದರೆ ಗದ್ದೆ ನೀರಲ್ಲಿ ಬೆಳೆದು ಮಿದುಳು ಜ್ವರ ಹರಡುವ ಕೆಲವು ಕ್ಯೂಲೆಕ್ಸ್‌ಗಳ ಕಾಲಲ್ಲೂ ಸಣ್ಣ ಪಟ್ಟೆಗಳಿರುತ್ತವೆ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿಯ ಕಾಲಲ್ಲೂ ಬಿಳಿ ಚುಕ್ಕಿಗಳಿವೆ.

ಹಾಗಾದರೆ ಗುರುತಿಸುವುದು ಹೇಗೆ? ಕೀಟ ತಜ್ಞರು ಬಳಸುವುದು ಇಬ್ಬಗೆ ಕೀಲಿ. ಇದರಲ್ಲಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ, ಎರಡೇ ಉತ್ತರ. ಪ್ರತಿ ಉತ್ತರವೂ ಸೊಳ್ಳೆಯ ಹೆಸರಿಗೋ ಮುಂದಿನ ಪ್ರಶ್ನೆಗೋ ಕರೆದೊಯ್ಯುತ್ತದೆ.

ಸೊಳ್ಳೆಯನ್ನು ಚಪ್ಪಾಳೆ ಹೊಡೆದು ಸಾಯಿಸಿದರೆ ಗುರುತುಗಳೂ ಅಳಿಸಿಹೋಗುತ್ತವೆ. ಪಟ್ಟೆ, ಚುಕ್ಕಿ ಎಲ್ಲವೂ ಹುಡಿಯಂಥ ಸಣ್ಣ ಹುರುಪೆಗಳಿಂದ ಆದವು, ಬೆರಳು ತಾಗಿದರೆ ಉದುರುತ್ತವೆ. ಹಾಗಾಗಿ ಗೋಡೆಯ ಮೇಲೆ ಕೂತ ಸೊಳ್ಳೆಗೆ ಗಾಜಿನ ಲೋಟ ಕವುಚಿ, ಕೆಳಗಿಂದ ಕಾಗದ ತೂರಿಸಿ ಹಿಡಿಯಿರಿ. ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಬಿಳಿ ಹಾಳೆಯ ಮೇಲೆ ಹಾಕಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್‌ನಲ್ಲಿ ನೋಡಿ.

ಮೊದಲ ಪ್ರಶ್ನೆ: ಗಂಡೋ ಹೆಣ್ಣೋ? ತಲೆಯ ಮುಂದಿನ ಮೀಸೆ ಗರಿಯಂತೆ ಪೊದೆಯಾಗಿದ್ದರೆ ಗಂಡು. ಅದು ಕಚ್ಚುವುದೇ ಇಲ್ಲ. ಮೀಸೆಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲಷ್ಟೇ ಇದ್ದರೆ ಹೆಣ್ಣು, ಮುಂದಕ್ಕೆ ಹೋಗಿ.

ಎರಡನೆಯದು: ಸೊಂಡಿಲಿನ ಎರಡೂ ಪಕ್ಕದಲ್ಲಿ ಕಡ್ಡಿಯಂತಿರುವ ಪಾಲ್ಪ್‌ಗಳು ಎಷ್ಟು ಉದ್ದ? ಹೆಚ್ಚುಕಡಿಮೆ ಸೊಂಡಿಲಿನಷ್ಟೇ ಉದ್ದವಿದ್ದರೆ ಅನಾಫಿಲಿಸ್. ರೆಕ್ಕೆಯನ್ನೂ ನೋಡಿ ಖಚಿತಪಡಿಸಿಕೊಳ್ಳಿ: ನಮ್ಮಲ್ಲಿನ ಬಹುತೇಕ ಅನಾಫಿಲಿಸ್‌ಗಳ ರೆಕ್ಕೆಯ ಮೇಲೆ ಕಪ್ಪು-ಬಿಳಿ ಮಚ್ಚೆಗಳಿರುತ್ತವೆ. ಪಾಲ್ಪ್ ಬುಡದಲ್ಲೇ ಮುಗಿದುಹೋಗುವಷ್ಟು ಗಿಡ್ಡವಾಗಿದ್ದರೆ ಮೂರನೇ ಪ್ರಶ್ನೆಗೆ ಹೋಗಿ.

ಮೂರನೆಯದು: ಹೊಟ್ಟೆಯ ತುದಿ ಚೂಪೋ ಮೊಂಡೋ? ಚೂಪಾಗಿದ್ದರೆ ಈಡಿಸ್. ಮೈ ಕಪ್ಪಾಗಿ, ಬೆನ್ನಿನ ಮೇಲೆ ಬೆಳ್ಳಿ ಬಣ್ಣದ ಗೆರೆ, ಕಾಲಲ್ಲಿ ಎದ್ದುಕಾಣುವ ಪಟ್ಟೆ ಇದ್ದರೆ ಉತ್ತರ ಇನ್ನಷ್ಟು ಗಟ್ಟಿ. ತುದಿ ಮೊಂಡಾಗಿ, ಮೈ ಮಂಕು ಕಂದಾಗಿದ್ದರೆ ಕ್ಯೂಲೆಕ್ಸ್. ಈ ಎರಡರ ರೆಕ್ಕೆಯಲ್ಲೂ ಸಾಮಾನ್ಯವಾಗಿ ಮಚ್ಚೆ ಇರುವುದಿಲ್ಲ. ಅಂದರೆ ಫಾರ್ವರ್ಡ್ ಮೊದಲಿಗೇ ಕೇಳುವ ಪಟ್ಟೆಯ ಪ್ರಶ್ನೆ ಇಲ್ಲಿ ಕೊನೆಯಲ್ಲಿ ಬರುತ್ತದೆ, ಅದೂ ಪೂರಕ ಸಾಕ್ಷಿಯಾಗಿ.

ಗಂಡು-ಹೆಣ್ಣಿನ ಪ್ರಶ್ನೆ ಹಾರಿಸಿದರೆ ಏನಾಗುತ್ತದೆ? ಬಚ್ಚಲುಮನೆ ಗೋಡೆಯಿಂದ ಹಿಡಿದ ಒಂದು ಸೊಳ್ಳೆಯಲ್ಲಿ ನಮಗೇ ಇದು ಅನುಭವವಾಯಿತು. ಪಾಲ್ಪ್ ಸೊಂಡಿಲಿಗಿಂತಲೂ ಉದ್ದ! 'ಅನಾಫಿಲಿಸ್' ಎಂದು ಬರೆದೂ ಆಗಿತ್ತು. ಆದರೆ ರೆಕ್ಕೆಯಲ್ಲಿ ಒಂದೂ ಮಚ್ಚೆ ಇಲ್ಲ. ಮತ್ತೆ ನೋಡಿದರೆ ಮೀಸೆ ಪೊದೆಯಾಗಿತ್ತು. ಅದು ಗಂಡು ಕ್ಯೂಲೆಕ್ಸ್. ಅದರ ಪಾಲ್ಪ್ ಕೂಡ ಉದ್ದವೇ, ಆದರೆ ತುದಿ ಸಣ್ಣದಾಗಿ ಮೇಲಕ್ಕೆ ಬಾಗಿರುತ್ತದೆ. ಗಂಡು ಅನಾಫಿಲಿಸ್‌ನದ್ದು ತುದಿಯಲ್ಲಿ ಗದೆಯಂತೆ ಉಬ್ಬಿರುತ್ತದೆ.

ಸೊಳ್ಳೆಯ ಜಾತಿ ತಪ್ಪಿದರೆ ಎಷ್ಟು ದುಬಾರಿ ಎಂಬುದಕ್ಕೆ ರೊನಾಲ್ಡ್ ರಾಸ್ ಸಾಕ್ಷಿ. ಮಲೇರಿಯಾ ಪರಾವಲಂಬಿಗಾಗಿ ಅವರು 1895ರಿಂದ ಸೊಳ್ಳೆಗಳನ್ನು ಕೊಯ್ದು ನೋಡುತ್ತಿದ್ದರು, ಆದರೆ ಹೆಚ್ಚಿನವು ಕ್ಯೂಲೆಕ್ಸ್ ಮತ್ತು ಈಡಿಸ್. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದ್‌ನಲ್ಲಿ ರೆಕ್ಕೆಯಲ್ಲಿ ಮಚ್ಚೆಯಿದ್ದ ಸೊಳ್ಳೆಯ ಹೊಟ್ಟೆಯಲ್ಲೇ ಅವರು ಹುಡುಕುತ್ತಿದ್ದುದು ಸಿಕ್ಕಿತು.

ನಮ್ಮ ಮನೆಗಳಲ್ಲೂ ಜಾತಿ ತಿಳಿದರೆ ಯಾವ ನೀರು ಖಾಲಿ ಮಾಡಬೇಕೆಂದು ತಿಳಿಯುತ್ತದೆ. ಈಡಿಸ್ ಆದರೆ ಡ್ರಮ್, ಹೂಕುಂಡದ ತಟ್ಟೆ, ಹಳೆ ಟೈರ್. ಅನಾಫಿಲಿಸ್ ಸ್ಟೀಫನ್ಸಿ ಆದರೆ ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ. ಮನೆಯೊಳಗಿನ ಸಾಮಾನ್ಯ ಕ್ಯೂಲೆಕ್ಸ್ ಆದರೆ ಚರಂಡಿ. ಜ್ವರ ಬಂದವರಿಗೆ ಮಾತ್ರ ಸೊಳ್ಳೆ ನೋಡಿ ರೋಗ ಹೇಳಬೇಡಿ, ಅದಕ್ಕೆ ರಕ್ತ ಪರೀಕ್ಷೆಯೇ ಬೇಕು.

ಲೆನ್ಸ್ ಇಲ್ಲದವರಿಗೆ ಉಳಿಯುವುದು ಕೂರುವ ಭಂಗಿ. ಅನಾಫಿಲಿಸ್ ಸೊಂಡಿಲು, ತಲೆ, ಮೈ ಒಂದೇ ನೇರದಲ್ಲಿಟ್ಟು, ಗೋಡೆಗೆ ಮೊಳೆ ಓರೆಯಾಗಿ ಹೊಡೆದಂತೆ ಹಿಂಭಾಗ ಎತ್ತಿ ಕೂರುತ್ತದೆ. ಕ್ಯೂಲೆಕ್ಸ್ ಮತ್ತು ಈಡಿಸ್ ಗೂನು ಬೆನ್ನು ಮಾಡಿ, ಹೊಟ್ಟೆಯನ್ನು ಗೋಡೆಗೆ ಸಮಾನಾಂತರವಾಗಿ ಇಡುತ್ತವೆ. ಆದರೆ ಇದನ್ನೊಂದನ್ನೇ ನಂಬುವಂತಿಲ್ಲ. ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯೂಲಿಸಿಫೇಸೀಸ್ ಹೆಚ್ಚು ಓರೆಯಾಗದೆ ಕ್ಯೂಲೆಕ್ಸ್‌ನಂತೆಯೇ ಕೂರುತ್ತದೆ, ಹೆಸರಲ್ಲೇ ಕ್ಯೂಲೆಕ್ಸ್‌ನ ರೂಪ ಎಂಬ ಅರ್ಥವಿದೆ. ಸತ್ತ ಸೊಳ್ಳೆಯಲ್ಲಂತೂ ಭಂಗಿಯೇ ಉಳಿಯುವುದಿಲ್ಲ. ಹಾಗಾಗಿ ಲೋಟ ಕವುಚುವ ಮೊದಲೇ ಗೋಡೆಗೆ ಮೊಬೈಲ್ ತಾಗಿಸಿ, ಪಕ್ಕದಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮೂರೂ ಒಂದೇ ಥರ ಕಾಣುತ್ತವೆ.