ಎಥನಾಲ್ ಮಿಶ್ರಿತ ಪೆಟ್ರೋಲ್: ಭಾರತದಲ್ಲಿ ನಡೆದುಬಂದ ದಾರಿ ಮತ್ತು ಕಾರುಗಳ ಹೊಂದಾಣಿಕೆ

ಪೆಟ್ರೋಲಿಗೆ ಎಥನಾಲ್ ಬೆರೆಸಿ ಮಾರುವ ಇಂಧನವೇ ಎಥನಾಲ್ ಮಿಶ್ರಿತ ಪೆಟ್ರೋಲ್. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಎಥನಾಲ್ ತಯಾರಾಗುತ್ತದೆ. ಇ5, ಇ10, ಇ20 ಎಂಬ ಹೆಸರುಗಳಲ್ಲಿರುವ ಅಂಕಿ, ನೂರು ಲೀಟರಿನಲ್ಲಿ ಎಷ್ಟು ಲೀಟರ್ ಎಥನಾಲ್ ಇದೆ ಎಂಬುದನ್ನು ಹೇಳುತ್ತದೆ.

ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಮದ್ಯಸಾರ ತೆಗೆದು ಪೆಟ್ರೋಲಿಗೆ ಬೆರೆಸುವ ಯೋಚನೆ ಭಾರತಕ್ಕೆ ಹೊಸದಲ್ಲ. ಇದಕ್ಕೆಂದೇ 1948ರಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. 2000ದಲ್ಲಿ ಅದನ್ನು ರದ್ದು ಮಾಡಲಾಯಿತು. ಈಗಿನ ಕಾರ್ಯಕ್ರಮ 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5ರ ಮಿಶ್ರಣದೊಂದಿಗೆ ಶುರುವಾಯಿತು. ಹತ್ತು ವರ್ಷ ಕಳೆದರೂ ಅದು ಕಾಗದದಿಂದ ಹೆಚ್ಚು ಮುಂದೆ ಹೋಗಲಿಲ್ಲ. 2013–14ರಲ್ಲಿ ದೇಶದ ಸರಾಸರಿ ಮಿಶ್ರಣ ಶೇ 1.5ರಷ್ಟೇ ಇತ್ತು. 2018ರ ಜೈವಿಕ ಇಂಧನ ನೀತಿಯು 2030ಕ್ಕೆ ಶೇ 20ರ ಗುರಿ ಇಟ್ಟಿತು, ಆಮೇಲೆ ಅದನ್ನು 2025–26ಕ್ಕೆ ಹಿಂದಕ್ಕೆಳೆಯಲಾಯಿತು. 2022ರ ಜೂನ್‌ನಲ್ಲಿ ಮಿಶ್ರಣ ಶೇ 10 ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಇ20 ಮಾರಾಟಕ್ಕೆ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು, 2025ರ ಹೊತ್ತಿಗೆ ಶೇ 20ರ ಗುರಿಯೂ ಈಡೇರಿತು. ಬಂಕಿನ ಪೆಟ್ರೋಲ್ ಇಷ್ಟು ವೇಗವಾಗಿ ಬದಲಾದರೂ ರಸ್ತೆಯ ಮೇಲಿನ ಕಾರುಗಳು ಹಾಗೆ ಬದಲಾಗಲು ಸಾಧ್ಯವಿರಲಿಲ್ಲ. ಹಳೆಯ ಕಾರುಗಳಿಗೆ ಇ20 ಹೊಂದುತ್ತದೆಯೇ ಎಂಬ ವಿವಾದದ ಮೂಲ ಇರುವುದು ಇಲ್ಲಿ.

ಎಥನಾಲ್ ಕಾರಿನ ಎರಡು ಕಡೆ ಕೆಲಸ ಮಾಡುತ್ತದೆ. ಒಂದು, ಇಂಧನ ಮುಟ್ಟುವ ಭಾಗಗಳು. ಹಳೆಯ ಕಾರುಗಳ ರಬ್ಬರ್ ಪೈಪು, ಓ-ರಿಂಗ್, ಕಾರ್ಬುರೇಟರಿನ ಕಾರ್ಕ್ ಗ್ಯಾಸ್ಕೆಟ್ ಎಥನಾಲ್ ಹೀರಿ ಊದಿಕೊಳ್ಳುತ್ತವೆ, ಒಣಗಿದಾಗ ಬಿರಿಯುತ್ತವೆ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಮಿತಿ ಮೀರಿದರೆ, ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಧನ ಪಂಪು ಮೊದಲು ಹೀರುವುದು ಆ ತಳದ ಪದರವನ್ನೇ.

ಎರಡನೆಯದು ಗಾಳಿ–ಇಂಧನದ ಪ್ರಮಾಣ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಎಥನಾಲಿಗೆ 9 ಕಿಲೊ ಸಾಕು, ಇ20ಗೆ 13.5ರ ಆಸುಪಾಸು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಕಾರ್ಬುರೇಟರಿಗೆ ಇದನ್ನು ಅರಿಯುವ ದಾರಿಯಿಲ್ಲ. ಜೆಟ್ಟಿನ ರಂಧ್ರ ಎಷ್ಟಿದೆಯೋ ಅಷ್ಟೇ ಇಂಧನ ಹರಿಯುವುದರಿಂದ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ತಣ್ಣಗಿದ್ದಾಗ ಮುಗ್ಗರಿಸುತ್ತದೆ.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ 2010–2019ರ ನಡುವಿನ ಬಿಎಸ್-4 ಸೆಕೆಂಡ್‌ಹ್ಯಾಂಡ್ ಪೆಟ್ರೋಲ್ ಕಾರಿನ ಕಥೆ ಬೇರೆ. ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ನೋಡಿಕೊಂಡು ಅದರ ಇಸಿಯು ಇಂಜೆಕ್ಟರನ್ನು ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ. ಅಪ್ಪಟ ಪೆಟ್ರೋಲಿಗೆ ಹೊಂದಿಸಿದ ಕಾರಿನಲ್ಲೂ ಈ ಹೆಚ್ಚಳ ಶೇ 8ರಷ್ಟಾದೀತು, ಇ10ಗೆ ಹೊಂದಿಸಿದ್ದರೆ ಶೇ 4. ಇಸಿಯು ಸಾಮಾನ್ಯವಾಗಿ ಶೇ 20ರವರೆಗೂ ಸರಿದೂಗಿಸಬಲ್ಲದು. ಆದರೆ ಇಂಧನದ ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಇಂಟೇಕ್ ಪೈಪಿನಲ್ಲಿ ಗಾಳಿ ಸೋರುತ್ತಿದ್ದರೆ ಆ ಅವಕಾಶದ ಬಹುಭಾಗ ಮೊದಲೇ ಖರ್ಚಾಗಿರುತ್ತದೆ. ಅಂಥ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿ, ಸ್ಕ್ಯಾನರಿನಲ್ಲಿ P0171 ಬರಬಹುದು. ತಪ್ಪು ಇಂಧನದ್ದೆಂದು ಮಾಲೀಕ ಬೈಯುತ್ತಾನೆ. ಎಷ್ಟೋ ಸಲ ಇಂಧನ ಹಳೆಯ ದೋಷವೊಂದನ್ನು ಹೊರಗೆ ತಂದಿರುತ್ತದೆ ಅಷ್ಟೆ.

ಮೈಲೇಜ್ ಇಳಿಯುವುದು ಮಾತ್ರ ನಿಜ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಪೆಟ್ರೋಲಿನ ಶಾಖದ ಮೂರನೇ ಎರಡರಷ್ಟು ಮಾತ್ರ ಎಥನಾಲಿನಲ್ಲಿದೆ. ಇ10ಗೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ 6–7ರಷ್ಟು, ಇ20ಗೆಂದೇ ಹೊಂದಿಸಿದವುಗಳಲ್ಲಿ ಶೇ 1–2ರಷ್ಟು ನಷ್ಟವಾಗಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದ ಕಾರು 14ಕ್ಕೆ ಇಳಿದರೆ ಅದನ್ನು ಕೆಡುಕೆಂದು ತಿಳಿಯಬೇಕಿಲ್ಲ. 11ಕ್ಕೆ ಇಳಿದರೆ ಕಾರಣ ಬೇರೆಲ್ಲೋ ಇದೆ.

ಹೊಸ ಕಾರುಗಳಲ್ಲೂ ಎರಡು ಮೆಟ್ಟಿಲುಗಳಿವೆ. 2023ರ ಏಪ್ರಿಲ್‌ನಿಂದ ಬಂದವುಗಳಲ್ಲಿ ರಬ್ಬರ್, ಪ್ಲಾಸ್ಟಿಕ್, ಲೋಹದ ಭಾಗಗಳು ಇ20 ತಾಳುವಂಥವು. ಎಂಜಿನ್ನಿನ ಹೊಂದಿಕೆಯೂ ಇ20ಗೇ ಆಗಬೇಕೆಂದು 2025ರ ಏಪ್ರಿಲ್ ಗಡುವಾಗಿತ್ತು. ಕೆಲವು ಕಂಪನಿಗಳು ಗಡುವಿಗೆ ಮೊದಲೇ ಇಂಥ ಕಾರು ಕೊಟ್ಟಿದ್ದರಿಂದ, ತಯಾರಿಕೆಯ ವರ್ಷಕ್ಕಿಂತ ಪೆಟ್ರೋಲ್ ಮುಚ್ಚಳದ ಬಳಿಯ ಸ್ಟಿಕರ್ ಮತ್ತು ಮಾಲೀಕರ ಕೈಪಿಡಿ ಹೆಚ್ಚು ನಂಬಿಕೆಗೆ ಅರ್ಹ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಬೋನೆಟ್ ತೆರೆದು ಇಂಧನದ ಪೈಪನ್ನು ಬೆರಳಲ್ಲಿ ಒತ್ತಿ ನೋಡಬೇಕು: ಮೆತ್ತಗೆ ಜಿಗುಟಾಗಿದ್ದರೂ, ಬಿರುಕು ಬಿಟ್ಟಿದ್ದರೂ ಅದನ್ನು ಬದಲಿಸಲೇಬೇಕು. ನಿಲ್ಲಿಸಿದ ಕಾರಿನ ಸುತ್ತ ಪೆಟ್ರೋಲ್ ವಾಸನೆ ಬಂದರೆ ಅದು ಬೆಂಕಿಯ ಅಪಾಯ; ಅಂಥ ಕಾರನ್ನು ರಿಪೇರಿಯಾಗದೆ ಓಡಿಸಬಾರದು.