ಅರ್ಧಕ್ಕೆ ನಿಂತ ಮಾತಿನ ಅನುವಾದ

ಆಡುಮಾತಿನ ತಡವರಿಕೆ, ನಡುವೆಯೇ ಕೈಬಿಟ್ಟ ವಾಕ್ಯ, ಹೇಳಿದ್ದನ್ನು ತಕ್ಷಣ ತಿದ್ದಿಕೊಳ್ಳುವ ರೀತಿ, ಇವನ್ನು ಇನ್ನೊಂದು ಭಾಷೆಗೆ ತರುವುದು ಹೇಗೆಂಬ ಪ್ರಶ್ನೆಯನ್ನು ಅನುವಾದದ ಚಿಂತನೆ ಬಹುಕಾಲ ಕೇಳಿಕೊಂಡೇ ಇರಲಿಲ್ಲ. ಅನುವಾದವೆಂದರೆ ಬರಹದ ಅನುವಾದ. ಬರಹದಲ್ಲಿ ತಡವರಿಕೆ ಇರುವುದಿಲ್ಲ, ಇದ್ದರೂ ಅದು ಪಾತ್ರಕ್ಕೆಂದು ಲೇಖಕ ಬೇಕೆಂದೇ ಇಟ್ಟದ್ದು. ವಾಟ್ಸಾಪ್ 2013ರಲ್ಲಿ ಧ್ವನಿ ಸಂದೇಶದ ಸೌಲಭ್ಯ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಮನೆಮಂದಿ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಸಡಿಲ ಮಾತು ಈಗ ಉಳಿಯುವ, ಮತ್ತೆ ಕೇಳಬಹುದಾದ, ಬೇರೆ ಭಾಷೆಯವರಿಗೂ ದಾಟಿಸಬೇಕಾದ ವಸ್ತುವಾಗಿದೆ.

ತಡವರಿಕೆಯ ವ್ಯವಸ್ಥಿತ ಅಧ್ಯಯನ ಶುರುವಾದದ್ದು ಮನೋವಿಜ್ಞಾನದಲ್ಲಿ. 1959ರಲ್ಲಿ ಮೆಕ್ಲೇ ಮತ್ತು ಆಸ್‌ಗುಡ್ ಇಂಗ್ಲಿಷ್ ಮಾತಿನ ತಡವರಿಕೆಗಳನ್ನು ಬಗೆಬಗೆಯಾಗಿ ವಿಂಗಡಿಸಿದರು: ಪುನರುಕ್ತಿ, ತಪ್ಪು ಆರಂಭ, ದನಿ ತುಂಬಿದ ವಿರಾಮ, ಬರಿ ಮೌನ. ಫ್ರೀಡಾ ಗೋಲ್ಡ್‌ಮನ್-ಐಸ್ಲರ್ 1968ರ ತಮ್ಮ ಪುಸ್ತಕದಲ್ಲಿ ವಿರಾಮವನ್ನು ಯೋಚನೆಯ ಗುರುತಾಗಿ ಕಂಡರು. ಮಾತುಗಾರರು ತಮ್ಮ ಮಾತನ್ನು ತಾವೇ ಆಲಿಸಿ ಹೇಗೆ ತಿದ್ದಿಕೊಳ್ಳುತ್ತಾರೆ ಎಂಬುದನ್ನು ವಿಲಮ್ ಲೆವೆಲ್ಟ್ 1983ರಲ್ಲಿ ವಿವರಿಸಿದರು. ಈ ಹಂತದಲ್ಲಿ ತಡವರಿಕೆಯನ್ನು ನೋಡಿದ್ದು ಮಾತನಾಡುವವನ ತಲೆಯೊಳಗಿನ ಸಂಗತಿಯಾಗಿ. ಕೇಳುವವರಿಗೂ ಅದರಿಂದ ಏನಾದರೂ ತಿಳಿಯುತ್ತದೆಯೇ ಎಂಬ ಕಡೆಗೆ ಗಮನ ಹೆಚ್ಚು ಹೋಗಲಿಲ್ಲ.

ಆ ಕಡೆಗೆ ತಿರುಗಿಸಿದ್ದು ಸಂಭಾಷಣಾ ವಿಶ್ಲೇಷಣೆ. ಹಾರ್ವಿ ಸ್ಯಾಕ್ಸ್ 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದ ದೂರವಾಣಿ ಕರೆಗಳಿಂದ ಕೆಲಸ ಆರಂಭಿಸಿದರು. ಗೇಲ್ ಜೆಫರ್ಸನ್ ಉಸಿರೆಳೆತ, ಎಳೆದ ಸ್ವರ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮೌನವನ್ನೂ ಗುರುತಿಸುವ ಲಿಪ್ಯಂತರ ಪದ್ಧತಿಯನ್ನು ಕಟ್ಟಿದರು. ಅನುವಾದಕರಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅನಿಟಾ ಪೊಮೆರಂಟ್ಸ್ 1984ರಲ್ಲಿ ಪ್ರಕಟಿಸಿದ ವಿವರಣೆ. ಒಪ್ಪಿಗೆ ಸಾಮಾನ್ಯವಾಗಿ ಥಟ್ಟನೆ, ನೇರವಾಗಿ ಬರುತ್ತದೆ. ಅಸಮ್ಮತಿ ಅಥವಾ ನಿರಾಕರಣೆ ತಡವಾಗಿ, ಪೀಠಿಕೆಯೊಂದಿಗೆ, ಸುತ್ತು ಬಳಸಿ ಬರುತ್ತದೆ. ಎಂದರೆ ತಡವರಿಕೆ ಎಷ್ಟೋ ಸಲ ಉತ್ತರದ ಮುನ್ಸೂಚನೆ, ಕೆಲವೊಮ್ಮೆ ಅದೇ ಉತ್ತರ. ಅದನ್ನು ಅಳಿಸಿದರೆ ಅಳಿಯುವುದು ಬರಿಯ ಸದ್ದಲ್ಲ.

ಅನುವಾದ ಕ್ಷೇತ್ರದಲ್ಲಿ ಈ ಅರಿವು ಮೊದಲು ಮೂಡಿದ್ದು ನ್ಯಾಯಾಲಯದಲ್ಲಿ. ಸೂಸನ್ ಬರ್ಕ್-ಸೆಲಿಗ್ಸನ್ 1990ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ದುಭಾಷಿ ಸಾಕ್ಷಿಯ ಹಿಂಜರಿಕೆಯನ್ನು ಕೂಡಿಸಿದರೂ ಕಳೆದರೂ ತೀರ್ಪುಗಾರರಿಗೆ ಆ ಸಾಕ್ಷಿ ಬೇರೆಯೇ ವ್ಯಕ್ತಿಯಾಗಿ ಕಾಣುತ್ತಾನೆ. ಸಾಂಡ್ರಾ ಹೇಲ್ 2004ರಲ್ಲಿ ಇನ್ನೊಂದನ್ನು ಸೇರಿಸಿದರು: ವಕೀಲರ ಪ್ರಶ್ನೆಯ ಆರಂಭದಲ್ಲಿ ಬರುವ ‘ವೆಲ್’, ‘ನೌ’, ‘ಸೀ’ಗಳನ್ನು ದುಭಾಷಿಗಳು ಲೆಕ್ಕಕ್ಕಿಲ್ಲದವೆಂದು ಬಿಡುತ್ತಿದ್ದರು, ಅದರೊಂದಿಗೆ ಪ್ರಶ್ನೆಯ ಮೊನೆಯೂ ಹೋಗುತ್ತಿತ್ತು. ಉಪಶೀರ್ಷಿಕೆಗಳ ಲೋಕ ಮಾತ್ರ ಇದಕ್ಕೆ ಕಿವಿಗೊಡಲಿಲ್ಲ. ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಜಾಗ ಕಡಿಮೆ, ಓದುವ ಹೊತ್ತೂ ಕಡಿಮೆ. ಮೊದಲು ಹೋಗುವುದು ತಡವರಿಕೆಯೇ. ಆದರೆ ಅಲ್ಲಿ ನಟರ ದನಿ ಕೇಳುತ್ತಿರುತ್ತದೆ, ಮುಖ ಕಾಣುತ್ತಿರುತ್ತದೆ, ನಷ್ಟ ಒಂದಿಷ್ಟು ತುಂಬಿಕೊಳ್ಳುತ್ತದೆ. ಧ್ವನಿ ಸಂದೇಶ ಅಕ್ಷರದ ಅನುವಾದವಾದಾಗ ಆ ಆಸರೆ ಇರುವುದಿಲ್ಲ. ಉಪಶೀರ್ಷಿಕೆಯ ನಿಯಮಗಳನ್ನೇ ಇಲ್ಲಿಗೂ ಹೊತ್ತು ತಂದದ್ದು ದೊಡ್ಡ ತಪ್ಪು.

ಯಂತ್ರಾನುವಾದದ ದಾರಿಯೂ ಹೆಚ್ಚಾಗಿ ಅಳಿಸುವ ಕಡೆಗೇ ಸಾಗಿತು. ಎಲಿಜಬೆತ್ ಶ್ರಿಬರ್ಗ್ 1994ರ ತಮ್ಮ ಪ್ರೌಢಪ್ರಬಂಧದಲ್ಲಿ ಸ್ವಯಂ-ತಿದ್ದುಪಡಿಯನ್ನು ಕೈಬಿಟ್ಟ ಭಾಗ, ನಡುವಿನ ತಡೆ, ತಿದ್ದಿದ ಭಾಗ ಎಂದು ಬಿಡಿಸಿ ತೋರಿಸಿದ ರೀತಿ ಖಚಿತವಾದದ್ದು. ಆ ಬಗೆಯ ವಿಂಗಡಣೆಯನ್ನು ಅನೇಕರು ಮೊದಲಿನ ಎರಡು ಭಾಗಗಳನ್ನು ಕತ್ತರಿಸುವ ಸಾಧನವನ್ನಾಗಿ ಮಾಡಿಕೊಂಡರು. 2013ರಲ್ಲಿ ಸ್ಪ್ಯಾನಿಷ್ ದೂರವಾಣಿ ಸಂಭಾಷಣೆಗಳ ಇಂಗ್ಲಿಷ್ ಅನುವಾದ ಸಂಗ್ರಹ ಸಿದ್ಧವಾದಾಗ ತಡವರಿಕೆಗಳು ಅನುವಾದದಲ್ಲೂ ಉಳಿದಿದ್ದವು. 2019ರ ಹೊತ್ತಿಗೆ ಅದೇ ಸಂಗ್ರಹಕ್ಕೆ ತಡವರಿಕೆ ತೆಗೆದ ಆದರ್ಶ ಅನುವಾದಗಳನ್ನು ಮಾಡಿಸಲಾಯಿತು. ಹೀಗೆ ‘ಶುದ್ಧಗೊಳಿಸಿದ’ ಮಾತೇ ಗುಣಮಟ್ಟದ ಅಳತೆಗೋಲಾಯಿತು. ಇದಕ್ಕೆ ಎದುರಾಗಿ, ಪ್ರತಿಯೊಂದು ‘ಅಮ್’ ಅನ್ನೂ ಉಳಿಸಿದರೆ ಮಾತ್ರ ಪ್ರಾಮಾಣಿಕ ಅನುವಾದ ಎಂಬ ಮಾತು ಈಚೆಗೆ ಚಾಲ್ತಿಯಲ್ಲಿದೆ. ಎರಡೂ ಒಂದೇ ತಪ್ಪಿನ ಎರಡು ಮುಖಗಳು. ತಡವರಿಕೆ ಎಷ್ಟಿದೆ ಎಂದು ಎರಡೂ ಎಣಿಸುತ್ತವೆ; ಅದು ಎಲ್ಲಿ ನಿಂತಿದೆ, ಅಲ್ಲಿ ಏನು ಮಾಡುತ್ತಿದೆ ಎಂದು ಕೇಳುವುದಿಲ್ಲ.

ಹಾಗೆ ಕೇಳುವ ಮೂರನೆಯ ಪಂಥ ಸಂಭಾಷಣಾ ವಿಶ್ಲೇಷಣೆಯಿಂದ ಬೆಳೆದದ್ದು. ಅದರ ಕ್ರಮ ಒಂದು ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಹೊರದೇಶದಲ್ಲಿ ಬೆಳೆದು ಮದುವೆಯಾಗಿರುವ, ಇಂಗ್ಲಿಷಿನಲ್ಲೇ ಮಾತನಾಡುವ ಮೊಮ್ಮಗಳೊಬ್ಬಳು ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಸಂದೇಶ ಕಳಿಸುತ್ತಾಳೆ ಎಂದುಕೊಳ್ಳಬಹುದು: “ಹಾಯ್ ಅಜ್ಜಿ, ಸೋ, ಅಮ್, ಎಬೌಟ್ ಡಿಸೆಂಬರ್... ಐ ವಾಸ್ ಗೋಯಿಂಗ್ ಟು ಬುಕ್ ದ— ವೆಲ್, ವಿ ವರ್ ಗೋಯಿಂಗ್ ಟು, ಬಟ್ ವಿತ್ ದ ನ್ಯೂ ಜಾಬ್ ಅಂಡ್ ಎವ್ರಿಥಿಂಗ್... ಸೋ, ಯಾ...”

ಶುದ್ಧಗೊಳಿಸುವವರ ಅನುವಾದ: “ಹೊಸ ಕೆಲಸದ ಕಾರಣ ನಾವು ಡಿಸೆಂಬರ್‌ನಲ್ಲಿ ಬರಲು ಸಾಧ್ಯವಾಗುವುದಿಲ್ಲ.” ಮೂಲದಲ್ಲಿ ಎಲ್ಲೂ ಇಲ್ಲದ ‘ಇಲ್ಲ’ ಇಲ್ಲಿ ಬಂದು ಕೂತಿದೆ. ಮೊಮ್ಮಗಳು ಬಾಯಿಬಿಟ್ಟು ಹೇಳಲಾರದೆ ಬಿಟ್ಟದ್ದನ್ನು ಅನುವಾದಕ ಹೇಳಿಬಿಟ್ಟಿದ್ದಾನೆ. ಅಜ್ಜಿಗೆ ತಲುಪಿದ್ದು ಕಚೇರಿಯ ಪತ್ರ. ಎಲ್ಲವನ್ನೂ ಉಳಿಸುವವರ ಅನುವಾದ: “ಆದ್ದರಿಂದ, ಅಮ್, ಡಿಸೆಂಬರ್ ಬಗ್ಗೆ... ನಾನು ಕಾದಿರಿಸುವವಳಿದ್ದೆ ಆ— ಸರಿ, ನಾವು ಕಾದಿರಿಸುವವರಿದ್ದೆವು, ಆದರೆ ಹೊಸ ಕೆಲಸ ಮತ್ತು ಎಲ್ಲದರೊಂದಿಗೆ... ಆದ್ದರಿಂದ, ಹೌದು...” ಇದು ಇನ್ನೂ ಅಪಾಯಕಾರಿ. ಕೊನೆಯ ‘ಹೌದು’ ಕೇಳಿದ ಅಜ್ಜಿ ಮಕ್ಕಳು ಬರುತ್ತಾರೆಂದೇ ತಿಳಿಯಬಹುದು.

ಮೂರನೆಯ ಕ್ರಮದಲ್ಲಿ ಮೊದಲು ಸಂದೇಶವನ್ನು ತಡವರಿಕೆಗಳ ಸಮೇತ ಬರೆದುಕೊಳ್ಳಬೇಕು, ಆಮೇಲೆ ಒಂದೊಂದರ ಕೆಲಸ ಗುರುತಿಸಬೇಕು. ಮೊದಲ ‘ಸೋ, ಅಮ್’ ಕಷ್ಟದ ವಿಷಯಕ್ಕೆ ಕಾಲಿಡುವ ಸೂಚನೆ. ಕನ್ನಡದಲ್ಲಿ ಆ ಕೆಲಸವನ್ನು ‘ಅದೇ’ ಮಾಡುತ್ತದೆ. ‘ಐ’ ಇಂದ ‘ವಿ’ಗೆ ತಿದ್ದಿಕೊಂಡದ್ದು ನಾಲಗೆ ತಪ್ಪಿದ್ದಲ್ಲ: ಬರುವ ಆಸೆ ಗಂಡನಿಗೂ ಇತ್ತು ಎಂದು ಅಜ್ಜಿಗೆ ತಿಳಿಯಬೇಕು. ಹಾಗಾಗಿ ಇದನ್ನು ಉಳಿಸಲೇಬೇಕು. ಆದರೆ ಇಂಗ್ಲಿಷ್ ಕರ್ತೃಪದದಲ್ಲೇ ತಿದ್ದಿಕೊಂಡರೆ, ಕನ್ನಡದಲ್ಲಿ ‘ನಾನು’, ‘ನಾವು’ ಹೇಳದಿದ್ದಾಗ ಆ ಗುರುತು ಕ್ರಿಯಾಪದದ ತುದಿಯಲ್ಲಿರುತ್ತದೆ. ತಿದ್ದುವಿಕೆಯೂ ಅಲ್ಲಿಗೇ ಸರಿಯಬೇಕು. ‘ದ’ ಎಂಬಲ್ಲಿ ಮುರಿದ ಜಾಗಕ್ಕೆ ಕನ್ನಡದಲ್ಲಿ ಸಮಾನವಾದದ್ದಿಲ್ಲ, ಅದನ್ನು ಬಿಡಬಹುದು. ಕೊನೆಯ ‘ಸೋ, ಯಾ’ ಒಪ್ಪಿಗೆಯಲ್ಲ, ಉಳಿದದ್ದನ್ನು ನೀವೇ ಅರ್ಥಮಾಡಿಕೊಳ್ಳಿ ಎಂಬ ಬಿನ್ನಹ. ಕನ್ನಡ ಇದಕ್ಕೆ ಪದವನ್ನು ಬಳಸುವುದಿಲ್ಲ, ಕ್ರಿಯೆಯನ್ನು ಮುಗಿಸದೆ ನಿಲ್ಲಿಸುತ್ತದೆ. ಆಗ ಸಿಗುವುದು: “ಅಜ್ಜಿ, ಅದೇ, ಡಿಸೆಂಬರ್‌ದು... ಟಿಕೆಟ್ ಮಾಡ್ಸೋಣ ಅಂತಾನೇ ಇದ್ದೆ, ಅಂದ್ರೆ, ಇಬ್ರೂ ಅಂದ್ಕೊಂಡೇ ಇದ್ವಿ, ಆದ್ರೆ ಈ ಹೊಸ ಕೆಲ್ಸ, ಅದೂ ಇದೂ ಅಂತ ಆಗ್ಬಿಟ್ಟು...”

ಈ ಕೊನೆಯ ‘ಆಗ್ಬಿಟ್ಟು’ ಕನ್ನಡದ ದೊಡ್ಡ ಅನುಕೂಲ. ಕನ್ನಡದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಅರ್ಧಕ್ಕೆ ನಿಂತಾಗ ಹೇಳದೆ ಉಳಿಯುವುದು ಹೌದೋ ಅಲ್ಲವೋ ಎಂಬುದೇ. “ನಾಳೆ ಬರೋದು ಸ್ವಲ್ಪ...” ಎಂದು ನಿಲ್ಲಿಸಿದರೆ ಕೇಳಿದವರಿಗೆ ಬರುವುದಿಲ್ಲವೆಂದು ತಿಳಿಯುತ್ತದೆ, ಯಾರೂ ‘ಇಲ್ಲ’ ಎಂದಿರುವುದಿಲ್ಲ. “ನಿಮ್ಮನ್ನೊಂದು ಮಾತು ಕೇಳೋಣ ಅಂತ...” ಎಂಬಲ್ಲಿ ‘ಅಂತ’ದ ಮುಂದಿನ ಮೌನ ಅಪ್ಪಣೆ ಬೇಡುತ್ತದೆ. ಹೀಗೆ ಅಧೀನ ವಾಕ್ಯವೊಂದೇ ಸ್ವತಂತ್ರವಾಗಿ ನಿಲ್ಲುವ ಬಗೆಯನ್ನು ನಿಕೊಲಸ್ ಎವಾನ್ಸ್ 2007ರಲ್ಲಿ ಅನೇಕ ಭಾಷೆಗಳಿಂದ ದಾಖಲಿಸಿದ್ದಾರೆ. ಅಲ್ಲಿಯವರೆಗೆ ಇದನ್ನು ಅಪೂರ್ಣ ವಾಕ್ಯವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಪದ ನೆನಪಾಗದಾಗಲೂ ಕನ್ನಡದ ದಾರಿ ಬೇರೆ. ಇಂಗ್ಲಿಷ್ ‘ಅ’ ಎಂದು ಎಳೆದರೆ, ಕನ್ನಡದಲ್ಲಿ ‘ಇದು’ ಎಂಬುದೇ ವಿಭಕ್ತಿ ಹಚ್ಚಿಕೊಂಡು ಬರುತ್ತದೆ: “ಆ ಇದ್ರಲ್ಲಿ... ಡಬ್ಬೀಲಿ ಇಟ್ಟಿದ್ದೀನಿ.” ಪದ ಸಿಗುವ ಮೊದಲೇ ಅದರ ವಿಭಕ್ತಿ ಸಿಕ್ಕಿರುತ್ತದೆ.

ಧ್ವನಿ ಸಂದೇಶಕ್ಕೆ ದೂರವಾಣಿ ಮಾತಿಗಿಲ್ಲದ ಇನ್ನೊಂದು ಗುಣವಿದೆ. ಎದುರಿನವರ ‘ಹ್ಞೂಂ’ ಅಲ್ಲಿಲ್ಲ. ಅದರ ಜಾಗವನ್ನು ಮಾತಾಡುವವರೇ ‘ಅಲ್ವಾ’, ‘ಗೊತ್ತಾಯ್ತಲ್ಲ’, ‘ನೋಡಿ’ ಎಂದು ತುಂಬಿಕೊಳ್ಳುತ್ತಾರೆ. ಇವು ಉತ್ತರ ಬೇಡುವ ಪ್ರಶ್ನೆಗಳಲ್ಲ. ಪ್ರಶ್ನೆಗಳಾಗಿ ಅನುವಾದಿಸಿದರೆ ಸಂದೇಶ ವಿಚಾರಣೆಯಂತೆ ಕೇಳುತ್ತದೆ. ಸಡಿಲತೆ ಉಳಿಯಬೇಕಾದರೆ ಇವುಗಳಲ್ಲಿ ಕೆಲವು ಸಾಕು. ಒಂದೇ ಉಸಿರಿನಲ್ಲಿ ಎರಡು ಮೂರು ಬಂದರೆ ಓದುವವರಿಗೆ ಅದು ಅಳುಕಿನಂತೆ ಕಾಣುತ್ತದೆ, ಏಕೆಂದರೆ ಕಿವಿ ಕೇಳಿಸಿಕೊಳ್ಳದೆ ಬಿಡುವುದನ್ನು ಕಣ್ಣು ಬಿಡುವುದಿಲ್ಲ. ಚಿಹ್ನೆಗಳಲ್ಲೂ ಕಟ್ಟುನಿಟ್ಟು ಬೇಕು: ತಾನಾಗಿ ಕರಗಿದ ವಾಕ್ಯಕ್ಕೆ ಮೂರು ಚುಕ್ಕಿ, ಥಟ್ಟನೆ ಕಡಿದದ್ದಕ್ಕೆ ಅಡ್ಡಗೆರೆ. ಎರಡನ್ನೂ ಚುಕ್ಕಿಯಲ್ಲೇ ಮುಗಿಸುವ ರೂಢಿಯಿಂದ ಎಷ್ಟೋ ಅನುವಾದಗಳಲ್ಲಿ ಎಲ್ಲರೂ ಒಂದೇ ರೀತಿ ನಿಟ್ಟುಸಿರು ಬಿಡುವಂತೆ ಕೇಳುತ್ತದೆ. ಅನುವಾದ ಸರಿಯಾಯಿತೇ ಎಂದು ತಿಳಿಯಲು, ಮೂಲ ಕೇಳದ ಮೂರನೆಯವರಿಗೆ ಅದನ್ನು ಗಟ್ಟಿಯಾಗಿ ಓದಿ ಎರಡು ಪ್ರಶ್ನೆ ಕೇಳಬೇಕು: ಅವಳು ಬರುತ್ತಾಳೆಯೇ, ಅವಳಿಗೆ ಬೇಸರವಿದೆಯೇ. ಮೂಲ ಕೇಳಿದವರ ಉತ್ತರಕ್ಕೆ ಇವರ ಉತ್ತರ ಹೊಂದದಿದ್ದರೆ ಅನುವಾದ ತಿದ್ದಬೇಕು.

ಈ ಕ್ರಮಕ್ಕೂ ಮಿತಿಗಳಿವೆ. ಎಲ್ಲ ತಡವರಿಕೆಯೂ ಹಿಂಜರಿಕೆಯಲ್ಲ. ಅರೆಬರೆ ಕನ್ನಡ ಬಲ್ಲವರು ಕನ್ನಡದಲ್ಲೇ ಮಾತಾಡುವಾಗ ಪದ ಹುಡುಕುತ್ತಾ ನಿಲ್ಲುತ್ತಾರೆ. ಅಲ್ಲಿ ವಿರಾಮ ಹೆಚ್ಚಾಗಿ ನಾಮಪದದ ಮುಂಚೆ ಬೀಳುತ್ತದೆ. ನಿರಾಕರಣೆಯ ವಿರಾಮ ಉತ್ತರದ ಆರಂಭದಲ್ಲಿ ಬೀಳುತ್ತದೆ. ಮೊದಲನೆಯದನ್ನು ಎರಡನೆಯದಾಗಿ ಅನುವಾದಿಸಿದರೆ ಒಪ್ಪಿದವರೂ ಒಪ್ಪದವರಂತೆ ಕಾಣುತ್ತಾರೆ. ಇನ್ನು ಸಂದೇಶ ಪೊಲೀಸರಿಗೋ ನ್ಯಾಯಾಲಯಕ್ಕೋ ಹೋಗುವುದಿದ್ದರೆ ಸಡಿಲತೆಯ ಮಾತೇ ಇಲ್ಲ. ಅಲ್ಲಿ ಪ್ರತಿ ಸದ್ದೂ ದಾಖಲಾಗಬೇಕು, ಅರ್ಥದ ನಿರ್ಧಾರ ಅನುವಾದಕರದಲ್ಲ.

ಕನ್ನಡದ ಮಟ್ಟಿಗೆ ಉಳಿದಿರುವ ಕೊರತೆ ಆಧಾರ ಸಾಮಗ್ರಿಯದು. ಆಡುಮಾತನ್ನು ಆಡಿದಂತೆ ಬರೆಯುವ ದಾರಿಯನ್ನು ಕೈಲಾಸಂ ನಾಟಕಗಳು ಬಹಳ ಹಿಂದೆಯೇ ತೋರಿಸಿದ್ದವು. ವಿಲಿಯಂ ಬ್ರೈಟ್ 1958ರಲ್ಲಿ, ಹೆರಾಲ್ಡ್ ಶಿಫ್‌ಮನ್ 1983ರಲ್ಲಿ ಮಾತಿನ ಕನ್ನಡದ ವ್ಯಾಕರಣಗಳನ್ನು ಪ್ರಕಟಿಸಿದರು. ಆದರೆ ವ್ಯಾಕರಣಕ್ಕೆ ಬೇಕಾದದ್ದು ಮುಗಿದ ವಾಕ್ಯ, ನಾಟಕಕ್ಕೆ ಬೇಕಾದದ್ದು ರಂಗದ ಮೇಲೆ ನಿಲ್ಲುವ ಮಾತು. ‘ಅದೇ’, ‘ಅಂತ’, ‘ಅಂದ್ರೆ’, ‘ಮತ್ತೆ’ಗಳು ಎಲ್ಲಿ ಯಾವ ಕೆಲಸ ಮಾಡುತ್ತವೆ, ಧಾರವಾಡದವರ ‘ಅಂದ್ರ’ ಮೈಸೂರಿನವರ ‘ಅಂದ್ರೆ’ಯ ಜಾಗದಲ್ಲೇ ಬರುತ್ತದೆಯೇ ಎಂಬುದನ್ನು ಅನುವಾದಕರು ಇಂದಿಗೂ ತಮ್ಮ ಕಿವಿಯನ್ನೇ ನಂಬಿ ನಿರ್ಧರಿಸಬೇಕಾಗಿದೆ. ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿದ ವಾಕ್ಯಗಳ ಸಂಗ್ರಹದಿಂದ ಇದಕ್ಕೆ ಉಪಯೋಗವಿಲ್ಲ, ಓದುವವರು ತಡವರಿಸಿದರೂ ಅದು ಓದಿನ ತೊಡಕು. ಬೇಕಾದದ್ದು ಬೇರೆ ಬೇರೆ ಜಿಲ್ಲೆಗಳ ಜನ ತಮ್ಮವರೊಂದಿಗೆ ಆಡಿದ ಮಾತನ್ನು ಅವರ ಒಪ್ಪಿಗೆಯಿಂದ ಪಡೆದು, ಮೌನಗಳನ್ನೂ ಅಳೆದು, ಏನನ್ನೂ ತಿದ್ದದೆ ಬರೆದಿಟ್ಟ ಲಿಪ್ಯಂತರ.